ಜ್ವರ ಇಳಿದರೂ ಇಳಿಯದ ಪಾದರಸ

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ನಿನ್ನೆ ರಾತ್ರಿ ಹತ್ತಕ್ಕೆ ಅತ್ತೆಯವರ ಹಳೇ ಗಾಜಿನ ಥರ್ಮಾಮೀಟರಲ್ಲಿ ನೋಡಿದಾಗ 101.4 ಇತ್ತು. ಸಿರಪ್ ಕೊಟ್ಟೆ. ಬೆವರಿದ, ಮೈ ತಣ್ಣಗಾಯಿತು. ಆದರೆ ಹನ್ನೆರಡಕ್ಕೂ 101.4, ಬೆಳಗ್ಗೆ ಆರಕ್ಕೂ 101.4! ಕೊಡವದೆ ನೋಡಿದ್ದೀಯ ಅಂತ ಅತ್ತೆ ಹೇಳಿದರು. ಕೊಡವೋಕೆ ಹೋದೆ, ಮಂಚದ ಅಂಚಿಗೆ ಬಡಿದು ಒಡೆಯಿತು. ಗಾಬರಿಯಲ್ಲಿ ಪೊರಕೆ ತಗೊಂಡು ಗುಡಿಸಿಬಿಟ್ಟೆ. ಮಂಚದ ಕೆಳಗೆ ಇನ್ನೂ ಮಿಣಮಿಣ ಅಂತಿದೆ. ಮಗ ಮಲಗೋದು ಅದೇ ರೂಮಲ್ಲಿ. ಈಗ ಏನು ಮಾಡಲಿ? ಅಮ್ಮನ ಮನೆಯಲ್ಲಿ ಇಂಥದೇ ಇನ್ನೊಂದಿದೆ, ಅದನ್ನು ತರಿಸಲಾ?

ಉತ್ತರ: ಮೊದಲು ಮಗನನ್ನು ಆ ರೂಮಿನಿಂದ ಆಚೆ ಕರೆದುಕೊಂಡು ಬನ್ನಿ. ಬರುವಾಗ ನಿಮ್ಮ ಚಪ್ಪಲಿ, ಅವನ ಚಪ್ಪಲಿ, ಅಂಗಾಲು ಎಲ್ಲ ಒಮ್ಮೆ ನೋಡಿ, ಹನಿ ಅಂಟಿಕೊಂಡಿದ್ದರೆ ಅದು ಹಾಲ್‌ಗೂ ಬರುತ್ತದೆ. ಫ್ಯಾನ್, ಎಸಿ ಆಫ್ ಮಾಡಿ. ಹೊರಗಿನ ಕಡೆ ತೆರೆಯುವ ಕಿಟಕಿಗಳನ್ನು ಪೂರ್ತಿ ತೆಗೆಯಿರಿ, ಮನೆಯೊಳಕ್ಕೆ ಬರುವ ಬಾಗಿಲು ಮುಚ್ಚಿ. ಇಷ್ಟು ಮಾಡಿ ಬಂದು ಮುಂದಿನದನ್ನು ಓದಿ. ಒಂದು ಥರ್ಮಾಮೀಟರ್ ಒಡೆದದ್ದಕ್ಕೆ ಆಸ್ಪತ್ರೆಗೆ ಓಡಬೇಕಾದ ಪರಿಸ್ಥಿತಿ ಬರುವುದು ತೀರಾ ಕಡಿಮೆ. ಆದರೆ ಹಾಗೇ ಬಿಟ್ಟು ಅದೇ ನೆಲದ ಮೇಲೆ ಮಗುವನ್ನು ತಿಂಗಳುಗಟ್ಟಲೆ ಮಲಗಿಸುವುದು ಬೇರೆ ಮಾತು.

ನಾನು ಮೂವತ್ತು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ನಮ್ಮ ಕಾಲದಲ್ಲಿ ಪ್ರತಿ ವಾರ್ಡಿನಲ್ಲೂ ಒಂದು ಲೋಟದಲ್ಲಿ ಹತ್ತಿ ಹಾಸಿ ಅದರಲ್ಲಿ ಥರ್ಮಾಮೀಟರ್ ನಿಲ್ಲಿಸಿರುತ್ತಿದ್ದರು, ವಾರಕ್ಕೊಂದಾದರೂ ಒಡೆಯುತ್ತಿತ್ತು. ನಾವೂ ನಿಮ್ಮ ಹಾಗೆ ಪೊರಕೆಯಲ್ಲೇ ಗುಡಿಸುತ್ತಿದ್ದೆವು. ಅದಕ್ಕಿಂತ ಹಿಂದೆ, ಸ್ಕೂಲಿನಲ್ಲಿ, ಅಂಗೈ ಮೇಲೆ ಉರುಳಿಸಿಕೊಂಡು ಆಡಿದ್ದೂ ಉಂಟು. ಹಾಗಾಗಿ ಬೈಯುವ ಹಕ್ಕು ನನಗಿಲ್ಲ. ಆದರೆ ಪೊರಕೆ ಯಾಕೆ ಬೇಡ ಅನ್ನುವುದನ್ನು ಹೇಳಲೇಬೇಕು, ಯಾಕೆಂದರೆ ಉಳಿದ ಕೆಲಸವೆಲ್ಲ ಅದರ ಮೇಲೇ ನಿಂತಿದೆ.

ಜ್ವರ ನೋಡುವ ಥರ್ಮಾಮೀಟರಿನಲ್ಲಿ ಇರುವ ಪಾದರಸ ಅರ್ಧ ಗ್ರಾಮಿನಿಂದ ಒಂದು ಗ್ರಾಮಿನ ಆಸುಪಾಸು. ಒಟ್ಟುಗೂಡಿಸಿದರೆ ಹೆಚ್ಚೂಕಡಿಮೆ ಒಂದು ಕಾಳುಮೆಣಸಿನ ಗಾತ್ರ. ಪಾದರಸ ಮಾಮೂಲಿ ಬಿಸಿಲಿಗೇ, ರೂಮಿನ ಬಿಸಿಗೇ ಸ್ವಲ್ಪ ಸ್ವಲ್ಪವಾಗಿ ಆವಿಯಾಗುತ್ತಿರುತ್ತದೆ. ಆ ಆವಿ ಕಣ್ಣಿಗೆ ಕಾಣಲ್ಲ, ವಾಸನೆಯೂ ಇಲ್ಲ. ನಮಗೆ ತೊಂದರೆ ಕೊಡುವುದು ಅದೇ, ಉಸಿರಿನಲ್ಲಿ ಒಳಗೆ ಹೋಗುವ ಆವಿ. ಹನಿಯ ಮೇಲ್ಮೈ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಆವಿ ಬರುತ್ತದೆ. ಈಗ ಆ ಒಂದು ಮೆಣಸಿನಕಾಳನ್ನು ಪೊರಕೆ ಸಾವಿರ ಪುಟ್ಟ ಹನಿ ಮಾಡಿತು ಅಂದುಕೊಳ್ಳಿ. ಪಾದರಸ ಅಷ್ಟೇ ಇದೆ, ಆದರೆ ಗಾಳಿಗೆ ತೆರೆದುಕೊಂಡ ಮೇಲ್ಮೈ ಹತ್ತು ಪಟ್ಟು ಆಯಿತು. ಜೊತೆಗೆ ಒಂದಷ್ಟು ಹನಿ ಪೊರಕೆ ಕಡ್ಡಿಗಳ ನಡುವೆ ಕೂತುಬಿಟ್ಟಿತು. ನಾಳೆ ಅದೇ ಪೊರಕೆ ಅಡುಗೆಮನೆಗೆ ಹೋಗುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇನ್ನೂ ಕೆಟ್ಟದ್ದು, ಅದು ಪಾದರಸವನ್ನು ಒಳಗೆಳೆದು ಬಿಸಿ ಮಾಡಿ ಹಿಂದಿನಿಂದ ಆವಿಯಾಗಿ ಊದುತ್ತದೆ.

ಆದ್ದರಿಂದ ನಮ್ಮ ಕೆಲಸ ಏನೆಂದರೆ, ಸಾವಿರ ಹನಿಯನ್ನು ಮತ್ತೆ ಒಂದೇ ಹನಿ ಮಾಡುವುದು. ಪಾದರಸ ಇದಕ್ಕೆ ಚೆನ್ನಾಗಿ ಒದಗುತ್ತದೆ, ಎರಡು ಹನಿ ತಾಗಿದರೆ ಸಾಕು, ಚಟ್ ಅಂತ ಒಂದಾಗುತ್ತವೆ.

ಶುರು ಮಾಡುವ ಮೊದಲು ಉಂಗುರ, ಬಂಗಾರದ ಬಳೆ, ವಾಚು ಎಲ್ಲ ಬಿಚ್ಚಿಡಿ. ಚಿನ್ನಕ್ಕೆ ಪಾದರಸ ತಾಗಿದರೆ ಅದರೊಳಗೆ ಸೇರಿಕೊಂಡುಬಿಡುತ್ತದೆ. ನನ್ನ ಉಂಗುರ ಹೀಗೇ ಒಂದು ಮಧ್ಯಾಹ್ನದಲ್ಲಿ ಬೆಳ್ಳಿ ಬಣ್ಣಕ್ಕೆ ತಿರುಗಿತ್ತು, ಎಷ್ಟು ಉಜ್ಜಿದರೂ ಹೋಗಲಿಲ್ಲ. ಅಕ್ಕಸಾಲಿಗರು ಕಾಯಿಸಿ ತೆಗೆಯುತ್ತಾರೆ, ಆದರೆ ಕಾಯಿಸಿದಾಗ ಆ ಆವಿ ಹೋಗುವುದು ಅವರ ಮೂಗಿಗೇ. ಮನೆಯಲ್ಲಿ ಒಲೆ ಮೇಲಿಟ್ಟು ನೋಡುವ ಸಾಹಸ ಖಂಡಿತ ಬೇಡ.

ಕೈಗೆ ಗ್ಲೌಸ್ ಹಾಕಿಕೊಳ್ಳಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಕವರನ್ನೇ ಕೈಗೆ ಸುತ್ತಿಕೊಳ್ಳಿ. ಗಾಜಿನ ಚೂರು ಮೊದಲು. ಅದರಲ್ಲೂ ಪಾದರಸ ಇರುವ ತುದಿಯ ಗಾಜು ತುಂಬಾ ತೆಳು, ಚುಚ್ಚಿದರೆ ಗೊತ್ತೇ ಆಗಲ್ಲ. ಅಗಲವಾದ ಅಂಟು ಟೇಪು ಒತ್ತಿ ಎತ್ತಿದರೆ ಬರುತ್ತದೆ. ಆಮೇಲೆ ಕರ್ಟನ್ ಎಳೆದು ರೂಮನ್ನು ಸ್ವಲ್ಪ ಕತ್ತಲು ಮಾಡಿ, ಟಾರ್ಚನ್ನು ನೆಲಕ್ಕೆ ತಾಗುವ ಹಾಗೆ ಅಡ್ಡಲಾಗಿ ಹಿಡಿಯಿರಿ. ಮೇಲಿಂದ ಬೆಳಕು ಬಿಟ್ಟರೆ ಏನೂ ಕಾಣಲ್ಲ. ಅಡ್ಡಡ್ಡ ಬಿಟ್ಟರೆ ಸಾಸಿವೆಗಿಂತ ಸಣ್ಣ ಹನಿಯೂ ನಕ್ಷತ್ರದ ಹಾಗೆ ಹೊಳೆಯುತ್ತದೆ, ನೀವು ಅಂದುಕೊಂಡದ್ದಕ್ಕಿಂತ ಎಷ್ಟೋ ದೂರದಲ್ಲಿ. ಮಂಚದ ಕಾಲಿನ ಬುಡ, ಗೋಡೆಯಂಚು, ಬೀರು ಅಡಿ, ನೆಲ ಯಾವ ಕಡೆ ಇಳಿಜಾರೋ ಆ ಕಡೆ ನೋಡಿ. ಪಾದರಸ ನೀರಿಗಿಂತ ಹದಿಮೂರೂವರೆ ಪಟ್ಟು ಭಾರ, ಉರುಳಿ ತಗ್ಗಿಗೇ ಹೋಗಿರುತ್ತದೆ.

ಗುಡ್ಡೆ ಮಾಡಲು ಮನೆಯಲ್ಲಿ ಬಿದ್ದಿರುವ ಹಳೇ ಮದುವೆ ಕರೆಯೋಲೆ ಇದೆಯಲ್ಲ, ದಪ್ಪದ್ದು, ಅದಕ್ಕಿಂತ ಒಳ್ಳೆ ಸಾಧನ ಇಲ್ಲ. ಎರಡು ತಗೊಳ್ಳಿ. ಒಂದನ್ನು ನೆಲಕ್ಕೆ ಒತ್ತಿ ಹಿಡಿದು, ಇನ್ನೊಂದರಿಂದ ಹನಿಗಳನ್ನು ಮೆಲ್ಲಗೆ ಅದರ ಕಡೆ ತಳ್ಳಿ. ಆಚೆ ಅಂಚಿನಿಂದ ನಡುವಿಗೆ ಬನ್ನಿ, ನಡುವಿನಿಂದ ಆಚೆಗಲ್ಲ. ಹನಿಗಳು ಸೇರಿ ದೊಡ್ಡದಾದ ಮೇಲೆ ಕಾರ್ಡಿನ ಮೇಲೆ ಉರುಳಿಸಿಕೊಂಡು, ಮುಚ್ಚಳ ಇರುವ ಸಣ್ಣ ಬಾಟಲಿಗೆ ಬಿಡಿ. ಔಷಧಿಯ ಖಾಲಿ ಬಾಟಲಿ ಸಾಕು. ಅದರಲ್ಲಿ ಮೊದಲೇ ಎರಡು ಬೆರಳಿನಷ್ಟು ನೀರು ಹಾಕಿಡಿ, ಪಾದರಸ ತಳಕ್ಕೆ ಹೋಗುತ್ತದೆ, ಮೇಲಿನ ನೀರು ಆವಿಯನ್ನು ತಡೆಯುತ್ತದೆ. ಟೈಲ್ಸ್ ಸಂದಿಯಲ್ಲಿ ಸಿಕ್ಕಿಕೊಂಡಿದ್ದನ್ನು ಸೂಜಿ ತೆಗೆದ ಸಿರಿಂಜಿನಿಂದ ಎಳೆಯಬಹುದು. ಕೊನೆಗೆ ಉಳಿಯುವ ಪುಡಿಹನಿಗೆ ಮತ್ತೆ ಅಂಟು ಟೇಪು.

ಗಂಧಕದ ಪುಡಿ ಉದುರಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ತಪ್ಪಲ್ಲ, ಗಂಧಕ ಪಾದರಸದ ಜೊತೆ ಸೇರಿ ಆವಿಯಾಗದ ಪುಡಿ ಆಗುತ್ತದೆ. ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ ಅದು ಸುಲಭವಾಗಿ ಸಿಗಲೂಬಹುದು. ಆದರೆ ಅದು ನಿಧಾನದ ಕೆಲಸ, ಹನಿಯ ಮೇಲ್ಪದರಕ್ಕಷ್ಟೇ ಹತ್ತುತ್ತದೆ. ಆರಿಸಿ ತೆಗೆದಾದ ಮೇಲೆ ಸಂದಿಗೆ ಬೇಕಾದರೆ ಹಾಕಿ, ಆರಿಸುವ ಬದಲಿಗೆ ಅಲ್ಲ.

ಇನ್ನು ಮಾಡಬಾರದ್ದು. ನೀರು ಹುಯ್ದು ತೊಳೆಯಬೇಡಿ. ಬಚ್ಚಲ ಪೈಪಿನ ಬಾಗಿನಲ್ಲಿ ಹೋಗಿ ಕೂತರೆ ಅದನ್ನು ತೆಗೆಯುವವರಿಲ್ಲ. ನೆಲಕ್ಕೆ ಹಾಸಿದ್ದ ರಗ್ಗಿನ ಮೇಲೆ ಬಿದ್ದಿದ್ದರೆ ಅಷ್ಟು ಭಾಗ ಕತ್ತರಿಸಿ ತೆಗೆಯುವುದೇ ಮೇಲು, ವಾಷಿಂಗ್ ಮೆಷಿನ್ನಿಗೆ ಹಾಕಿದರೆ ಮೆಷಿನ್ನೂ ಹಾಳು, ಮುಂದಿನ ಬಟ್ಟೆಗಳೂ ಹಾಳು. ನಿಮ್ಮ ಪೊರಕೆ, ಮೊರ ಪ್ಲಾಸ್ಟಿಕ್ಕಿನದಾದರೂ ಹುಲ್ಲಿನದಾದರೂ ಹೋದ ಹಾಗೇ, ತೊಳೆದು ಉಳಿಸಿಕೊಳ್ಳಲು ನೋಡಬೇಡಿ. ಅದನ್ನು, ಟೇಪು, ಕಾರ್ಡು, ಗ್ಲೌಸು, ಗಾಜು ಎಲ್ಲವನ್ನೂ ಕವರಿನ ಮೇಲೆ ಕವರು ಹಾಕಿ ಕಟ್ಟಿ. ಹಿತ್ತಲಲ್ಲಿ ಕಸದ ಜೊತೆ ಸುಡುವ ಅಭ್ಯಾಸ ಇದ್ದರೆ ಇದನ್ನಂತೂ ಸುಡಲೇಬೇಡಿ, ಒಂದು ವರ್ಷದಲ್ಲಿ ಬರುವ ಆವಿ ಐದು ನಿಮಿಷದಲ್ಲಿ ಬಂದುಬಿಡುತ್ತದೆ.

ಕಟ್ಟಿದ್ದನ್ನು ಎಲ್ಲಿಗೆ ಕೊಡುವುದು? 2016ರ ಘನತ್ಯಾಜ್ಯ ನಿಯಮಗಳಲ್ಲಿ ಮನೆಯ ಅಪಾಯಕಾರಿ ಕಸ ಅಂತ ಒಂದು ಪಟ್ಟಿ ಇತ್ತು, ಅದರಲ್ಲಿ ಟ್ಯೂಬ್‌ಲೈಟ್, ಬ್ಯಾಟರಿಗಳ ಜೊತೆ ಒಡೆದ ಪಾದರಸದ ಥರ್ಮಾಮೀಟರ್ ಅನ್ನೂ ಹೆಸರು ಹಿಡಿದೇ ಬರೆದಿದ್ದಾರೆ. ಅಂದರೆ ಹಸಿ ಕಸಕ್ಕೂ ಇಲ್ಲ, ಒಣ ಕಸಕ್ಕೂ ಇಲ್ಲ, ಬೇರೆಯಾಗಿ ಕೊಡಬೇಕು. ಬಾಟಲಿ ಮೇಲೆ 'ಪಾದರಸ' ಅಂತ ದಪ್ಪಗೆ ಬರೆದು ಅಂಟಿಸಿ, ಕಸ ತೆಗೆದುಕೊಂಡು ಹೋಗುವವರ ಕೈಗೇ ಕೊಟ್ಟು ಬಾಯಲ್ಲೂ ಹೇಳಿ. ಹೇಳದೆ ಕೊಟ್ಟರೆ ಅವರು ಅದನ್ನು ಬರಿಗೈಯಲ್ಲಿ ಬಿಚ್ಚಿ ನೋಡುತ್ತಾರೆ, ಪಾಪ.

ಆ ರೂಮಿನ ಕಿಟಕಿ ಕನಿಷ್ಠ ಒಂದು ಪೂರ್ತಿ ಹಗಲು ರಾತ್ರಿ ತೆರೆದೇ ಇರಲಿ. ನಾಳೆ ಮತ್ತೊಮ್ಮೆ ಟಾರ್ಚ್ ಹಾಕಿ ನೋಡಿ, ಒಂದೆರಡು ಹನಿ ಸಿಕ್ಕೇ ಸಿಗುತ್ತದೆ. ಅಲ್ಲಿಯವರೆಗೆ ಮಗ ಬೇರೆ ಕಡೆ ಮಲಗಲಿ. ಪಾದರಸದ ಆವಿ ಗಾಳಿಗಿಂತ ಭಾರ, ನೆಲದ ಹತ್ತಿರ ಜಾಸ್ತಿ ಇರುತ್ತದೆ, ನೆಲದ ಹತ್ತಿರ ಜಾಸ್ತಿ ಇರುವವರೂ ಮಕ್ಕಳೇ. ಕೆಮ್ಮು, ಏದುಸಿರು, ಎದೆ ಬಿಗಿತ ಶುರುವಾದರೆ ಮಾತ್ರ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ, ಥರ್ಮಾಮೀಟರ್ ಒಡೆದದ್ದನ್ನು ಹೇಳಿ. ಒಂದು ವೇಳೆ ಬಾಯಲ್ಲೇ ಕಚ್ಚಿ ಒಡೆದಿದ್ದರೆ ಎಲ್ಲರೂ ನುಂಗಿದ ಪಾದರಸಕ್ಕೆ ಹೆದರುತ್ತಾರೆ. ನಿಜ ಹೇಳಬೇಕೆಂದರೆ ಅದು ಹೊಟ್ಟೆಯಲ್ಲಿ ಹೆಚ್ಚುಕಡಿಮೆ ಹೀರಿಕೊಳ್ಳದೆ ಮಲದಲ್ಲಿ ಹೋಗಿಬಿಡುತ್ತದೆ. ಅಲ್ಲಿ ಹೆದರಬೇಕಾದ್ದು ಗಾಜಿಗೆ. ಉಗುಳಿಸಿ, ಬಾಯಿ ಮುಕ್ಕಳಿಸಿ, ವಾಂತಿ ಮಾಡಿಸಬೇಡಿ, ಡಾಕ್ಟರಿಗೆ ತೋರಿಸಿ.

ಈಗ ನಿಮ್ಮ 101.4ಕ್ಕೆ ಬರೋಣ. ನಿಮ್ಮ ಅತ್ತೆ ಹೇಳಿದ್ದು ಸರಿ. ಜ್ವರ ಬಹುಶಃ ರಾತ್ರಿ ಹನ್ನೆರಡಕ್ಕೇ ಇಳಿದಿತ್ತು, ಇಳಿಯದೆ ಇದ್ದದ್ದು ಪಾದರಸ.

ಥರ್ಮಾಮೀಟರಿನ ಬೆಳ್ಳಿ ತುದಿಯ ಸ್ವಲ್ಪ ಮೇಲೆ, ಗಾಜಿನ ಕೊಳವೆ ಒಂದು ಕಡೆ ಚಿವುಟಿದ ಹಾಗೆ ಕಿರಿದಾಗಿರುತ್ತದೆ. ಬಿಸಿಯಾದಾಗ ಪಾದರಸ ಹಿಗ್ಗಿ ಜೋರಾಗಿ ನೂಕಿಕೊಂಡು ಆ ಸಂದಿ ದಾಟಿ ಮೇಲೇರುತ್ತದೆ. ತಣ್ಣಗಾಗುವಾಗ ಮಾತ್ರ ಹಿಂದಕ್ಕೆ ಎಳೆಯುವ ಬಲ ಸಾಲಲ್ಲ, ಆ ಸಂದಿಯಲ್ಲೇ ಎಳೆ ತುಂಡಾಗಿ ಮೇಲಿನ ಭಾಗ ಅಲ್ಲೇ ನಿಂತುಬಿಡುತ್ತದೆ. ಇದು ದೋಷ ಅಲ್ಲ, ಬೇಕೆಂದೇ ಮಾಡಿದ್ದು. ಇಲ್ಲದಿದ್ದರೆ ಕಂಕುಳಿನಿಂದ ತೆಗೆದು ಬೆಳಕಿಗೆ ಹಿಡಿಯುವಷ್ಟರಲ್ಲಿ ಇಳಿದುಹೋಗುತ್ತಿತ್ತು. ಇದರ ಅರ್ಥ, ಕೊಡವದೆ ಇಟ್ಟರೆ ಥರ್ಮಾಮೀಟರ್ ತೋರಿಸುವುದು ಈಗಿನ ಜ್ವರ ಅಲ್ಲ, ಕಳೆದ ಸಲ ಕೊಡವಿದ ಮೇಲೆ ಅದು ಕಂಡ ಅತಿ ಹೆಚ್ಚು ಬಿಸಿ. ಮಗನಿಗೆ 103 ಆಗಿದ್ದರೆ ಅದು ಮೇಲೇರಿ 103 ತೋರಿಸುತ್ತಿತ್ತು, ಸರಿಯಾಗೇ. 99ಕ್ಕೆ ಇಳಿದಿದ್ದರೆ ಮಾತ್ರ ಸುಳ್ಳು ಹೇಳುತ್ತದೆ. ಅಪಾಯ ಇರುವುದು ಇಲ್ಲೇ, ಜ್ವರ ಇಳಿದ ಮಗುವಿಗೆ ಇಳಿದಿಲ್ಲ ಅಂತ ಮತ್ತೆ ಮತ್ತೆ ಪ್ಯಾರಾಸಿಟಮಾಲ್ ಕುಡಿಸುತ್ತೇವೆ. ಎರಡು ಡೋಸಿನ ನಡುವೆ ನಾಲ್ಕರಿಂದ ಆರು ಗಂಟೆ ಇರಬೇಕು, ದಿನಕ್ಕೆ ನಾಲ್ಕು ಸಲ ಮೀರಬಾರದು. ರಾತ್ರಿ ಎಷ್ಟು ಸಲ ಕೊಟ್ಟಿರಿ ಅಂತ ನೀವು ಬರೆದಿಲ್ಲ, ಜಾಸ್ತಿ ಆಗಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಹೇಳಿ.

ಕೊಡವುವ ಕ್ರಮ ನೋಡಿ. ಥರ್ಮಾಮೀಟರ್ ಒರೆಸಿ ಒಣಗಿಸಿ, ನಿಮ್ಮ ಕೈಯೂ ಒಣಗಿರಲಿ. ಬೆಳ್ಳಿ ತುದಿಗೆ ಎದುರಿನ ತುದಿಯನ್ನು ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಗಟ್ಟಿಯಾಗಿ ಹಿಡಿಯಿರಿ, ಬೆಳ್ಳಿ ತುದಿ ಕೆಳಗಿರಲಿ. ಸುತ್ತ ಒಂದು ತೋಳಿನಷ್ಟು ಜಾಗ ಖಾಲಿ ಇರಬೇಕು, ಮಂಚ, ಮೇಜು, ನಲ್ಲಿ ಯಾವುದೂ ಹತ್ತಿರ ಬೇಡ. ಹಾಸಿಗೆ ಮೇಲೆ ಕೊಡವಿ, ಬಿದ್ದರೂ ಒಡೆಯಲ್ಲ ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ, ಒಡೆದರೆ ನೆಲದಿಂದ ಆರಿಸಬಹುದು, ಹಾಸಿಗೆಯಿಂದ ಆಗಲ್ಲ. ಇನ್ನು ತೋಳು ಬೀಸಬೇಕಿಲ್ಲ. ಕೈ ತೊಳೆದು ನೀರು ಒದರುತ್ತೇವಲ್ಲ, ಹಾಗೆ ಮಣಿಕಟ್ಟಿನಿಂದ ಚುರುಕಾಗಿ ಕೆಳಕ್ಕೆ ಝಾಡಿಸಿ ತಟ್ಟನೆ ನಿಲ್ಲಿಸಿ. ಆ ನಿಲ್ಲಿಸುವುದರಲ್ಲೇ ಇರುವುದು ಗುಟ್ಟು. ನಾಲ್ಕೈದು ಸಲ ಮಾಡಿ ನೋಡಿ, 95ರ ಗೆರೆಯ ಕೆಳಗೆ ಹೋಗಿರಬೇಕು, ಇಲ್ಲದಿದ್ದರೆ ಮತ್ತೆ. ಎಳೆ ನಡುವೆ ತುಂಡಾಗಿ ಖಾಲಿ ಜಾಗ ಕಂಡರೂ ಹೀಗೇ ಝಾಡಿಸಿದರೆ ಕೂಡಿಕೊಳ್ಳುತ್ತದೆ. ಕೂಡದಿದ್ದರೆ ಆ ಥರ್ಮಾಮೀಟರ್ ನಂಬಬೇಡಿ.

ಒಂದು ವಿಷಯ ಕಲಬುರಗಿ, ರಾಯಚೂರು ಕಡೆಯವರಿಗೆ ಚೆನ್ನಾಗಿ ಗೊತ್ತು. ಮೇ ತಿಂಗಳಲ್ಲಿ ಎಷ್ಟು ಕೊಡವಿದರೂ ಪಾದರಸ ಇಳಿಯಲ್ಲ. ರೂಮೇ 40 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದು 104 ಫ್ಯಾರನ್‌ಹೀಟ್ ಆಯಿತು, ಪಾದರಸ ಅದಕ್ಕಿಂತ ಕೆಳಗೆ ಹೇಗೆ ಇಳಿದೀತು? ಆಗ ಬೆಳ್ಳಿ ತುದಿಯನ್ನು ಮಡಕೆ ನೀರಿನಲ್ಲಿ ಒಂದು ನಿಮಿಷ ಅದ್ದಿ, ಒರೆಸಿ, ತಕ್ಷಣ ಕೊಡವಿ, ತಕ್ಷಣ ಇಡಿ. ತೆಗೆದ ಕೂಡಲೇ ಓದಿ, ಯಾಕೆಂದರೆ ರೂಮು ಮೈಗಿಂತ ಬಿಸಿ ಇದ್ದರೆ ಕೈಯಲ್ಲಿ ಹಿಡಿದು ಮಾತಾಡುತ್ತಾ ನಿಂತಷ್ಟು ಹೊತ್ತೂ ಅದು ಏರುತ್ತಲೇ ಇರುತ್ತದೆ. ಬಿಸಿನೀರಲ್ಲಿ ಮಾತ್ರ ಯಾವತ್ತೂ ತೊಳೆಯಬೇಡಿ. ಕೊಳವೆ ಇರುವುದು 108ರವರೆಗೆ, ಅದಕ್ಕಿಂತ ಬಹಳ ಮೇಲಕ್ಕೆ ಹೋದರೆ ಪಾದರಸಕ್ಕೆ ಜಾಗವಿಲ್ಲದೆ ಗಾಜು ಸೀಳುತ್ತದೆ.

ನಾಲ್ಕು ವರ್ಷದವನಿಗೆ ಕಂಕುಳೇ ಸರಿ, ಬಾಯಿ ಬೇಡ. ಬೆವರು ಒರೆಸಿ, ಬೆಳ್ಳಿ ತುದಿ ಕಂಕುಳಿನ ಗುಳಿಗೆ ಸರಿಯಾಗಿ ಕೂರಬೇಕು, ನಡುವೆ ಬನಿಯನ್ ಸಿಕ್ಕಿಕೊಳ್ಳಬಾರದು. ತೊಡೆ ಮೇಲೆ ಕೂರಿಸಿಕೊಂಡು ಅವನ ಕೈಯನ್ನು ಎದೆಗೆ ಒತ್ತಿ ಹಿಡಿಯಿರಿ, ಗಡಿಯಾರ ನೋಡಿ ಐದು ನಿಮಿಷ. ಎರಡು ನಿಮಿಷಕ್ಕೆ ತೆಗೆದರೆ ಕಡಿಮೆ ತೋರಿಸುತ್ತದೆ. ಕಂಕುಳಲ್ಲಿ ಬಾಯಿಗಿಂತ ಅರ್ಧದಿಂದ ಒಂದು ಡಿಗ್ರಿ ಕಡಿಮೆ ಬರುವುದು ಮಾಮೂಲು, ನೀವೇ ಒಂದು ಡಿಗ್ರಿ ಸೇರಿಸಿ ಹೇಳಬೇಡಿ, ಬಂದಷ್ಟೇ ಹೇಳಿ 'ಕಂಕುಳಲ್ಲಿ ನೋಡಿದ್ದು' ಅನ್ನಿ.

ಓದುವುದರಲ್ಲಿ ಹೊಸಬರು ಎಡವುವುದು ಎರಡು ಕಡೆ. ಮೊದಲನೆಯದು, ಪಾದರಸ ಕಾಣುವುದೇ ಇಲ್ಲ. ಬೆಳ್ಳಿ ತುದಿ ಮುಟ್ಟದೆ ಅಡ್ಡಲಾಗಿ ಕಣ್ಣಿನ ಮಟ್ಟಕ್ಕೆ ಹಿಡಿದು, ಬೆರಳುಗಳ ನಡುವೆ ನಿಧಾನವಾಗಿ ಉರುಳಿಸಿ. ಮುಂದಿನ ಗಾಜಿನ ಅಂಚು ಭೂತಗನ್ನಡಿಯ ಹಾಗೆ ಕೆಲಸ ಮಾಡುತ್ತದೆ, ಒಂದೇ ಒಂದು ಕೋನದಲ್ಲಿ ಕೂದಲಿನಷ್ಟು ಸಣ್ಣ ಎಳೆ ಇದ್ದಕ್ಕಿದ್ದ ಹಾಗೆ ಅಗಲವಾದ ಬೆಳ್ಳಿ ಪಟ್ಟಿಯಾಗಿ ಕಾಣುತ್ತದೆ. ಸ್ವಲ್ಪ ಹೆಚ್ಚು ತಿರುಗಿಸಿದರೆ ಮಾಯ. ಪಟ್ಟಿ ಕಂಡಲ್ಲಿ ನಿಲ್ಲಿಸಿ, ಅದರ ತುದಿಗೆ ನೇರ ಎದುರಿನಿಂದ ನೋಡಿ, ಓರೆಯಾಗಿ ಅಲ್ಲ.

ಎರಡನೆಯದು ಗೆರೆ ಎಣಿಸುವುದು. ಫ್ಯಾರನ್‌ಹೀಟ್ ಥರ್ಮಾಮೀಟರಿನಲ್ಲಿ 100ರಿಂದ 101ರ ನಡುವೆ ಹತ್ತು ಮನೆ ಇಲ್ಲ, ಐದೇ ಮನೆ. ಅಂದರೆ ಒಂದೊಂದು ಸಣ್ಣ ಗೆರೆ 0.2. ನೂರು ದಾಟಿ ಎರಡು ಗೆರೆ ಮೇಲೆ ನಿಂತಿದ್ದರೆ ಅದು 100.2 ಅಲ್ಲ, 100.4. ಈ ಎರಡು ಪಾಯಿಂಟಿಗೆ ಏನಾಯಿತು ಅನ್ನಬೇಡಿ, 100.4 ಅಂದರೆ ಸರಿಯಾಗಿ 38 ಡಿಗ್ರಿ ಸೆಲ್ಸಿಯಸ್, ಜ್ವರ ಅಂತ ಡಾಕ್ಟರುಗಳು ಗೆರೆ ಎಳೆಯುವುದು ಅಲ್ಲೇ. ನಿಮ್ಮ 101.4 ನೀವು ಹೇಗೆ ಎಣಿಸಿದಿರೋ ನನಗೆ ಗೊತ್ತಿಲ್ಲ. 101 ಆದ ಮೇಲೆ ನಾಲ್ಕು ಗೆರೆ ಎಣಿಸಿ 'ಪಾಯಿಂಟ್ ನಾಲ್ಕು' ಅಂದಿದ್ದರೆ ಅದು ನಿಜಕ್ಕೂ 101.8. ಸೆಲ್ಸಿಯಸ್ ಗುರುತಿನದಾದರೆ ಮಾತ್ರ ಹತ್ತು ಮನೆ, ಒಂದೊಂದು 0.1. ಅಳೆಯುವ ಮೊದಲು ಎರಡು ದೊಡ್ಡ ಅಂಕಿ ನಡುವೆ ಎಷ್ಟು ಮನೆ ಅಂತ ಒಮ್ಮೆ ಎಣಿಸಿಕೊಂಡರೆ ಈ ಗೊಂದಲ ಇಲ್ಲ.

ಅಮ್ಮನ ಮನೆಯದನ್ನು ತರಿಸಬೇಕಾ ಅಂದರೆ, ನಾಲ್ಕು ವರ್ಷದ ಮಗು ಓಡಾಡುವ ಮನೆಗೆ ನಾನಾದರೆ ತರಿಸುತ್ತಿರಲಿಲ್ಲ. ಮೆಡಿಕಲ್ ಶಾಪಿನಲ್ಲಿ ಡಿಜಿಟಲ್ ಸಿಗುತ್ತದೆ, ಕಂಕುಳಲ್ಲಿಟ್ಟು ಬೀಪ್ ಬರುವ ತನಕ ಹಿಡಿದರೆ ಆಯಿತು. ಅದು ಸರಿ ತೋರಿಸುತ್ತದಾ ಅನ್ನುವ ಅನುಮಾನ ಬಂದರೆ ಮಾತ್ರ ಅಮ್ಮನ ಮನೆಯ ಹಳೇದು ಕೆಲಸಕ್ಕೆ ಬರುತ್ತದೆ. ಒಂದು ಲೋಟದಲ್ಲಿ ಕೈಗೆ ಹಿತವಾಗುವಷ್ಟು ಮಾತ್ರ ಬೆಚ್ಚಗಿನ ನೀರು ತಗೊಳ್ಳಿ. ಎರಡರ ತುದಿಯನ್ನೂ ಒಟ್ಟಿಗೆ ಅದ್ದಿ, ಲೋಟದ ತಳಕ್ಕೆ ತಾಗದ ಹಾಗೆ ಹಿಡಿದು, ಮೂರು ನಿಮಿಷ ಮೆಲ್ಲಗೆ ಕಲಕುತ್ತಾ ಇರಿ. ಎರಡೂ ಒಂದೆರಡು ಸಣ್ಣ ಗೆರೆಯ ಅಂತರದೊಳಗೆ ಬಂದರೆ ಡಿಜಿಟಲ್ಲನ್ನು ನಂಬಿ. ಹಳೇದನ್ನು ಕೊಡವಿ, ಅದರ ಡಬ್ಬಿಯೊಳಗೆ ಹತ್ತಿ ಇಟ್ಟು ಅಮ್ಮನಿಗೇ ವಾಪಸ್ ಕಳಿಸಿ.